ಫಾಯಿಲ್ ಬಿಟ್ಟು ಸೇಬರ್ ಹಿಡಿಯಬೇಕೆ? ಕೋಚ್‌ಗೆ ಪತ್ರ ಬರೆಯುವುದು ಹೀಗೆ

ಫೆನ್ಸಿಂಗ್ ಕಲಿಯಲು ಹೋದ ಮಕ್ಕಳ ಕೈಗೆ ಹೆಚ್ಚಿನ ಕಡೆ ಮೊದಲು ಬರುವುದು ಫಾಯಿಲ್. ಮೂರ್ನಾಲ್ಕು ವರ್ಷ ಅದನ್ನೇ ಆಡಿದ ಮೇಲೆ ಕೆಲವರಿಗೆ ಪಕ್ಕದ ಪಿಸ್ತ್‌ನ ಸೇಬರ್ ಆಟವೇ ತಮ್ಮದು ಅನ್ನಿಸತೊಡಗುತ್ತದೆ. ಆದರೆ ಅದನ್ನು ಕೋಚ್ ಮುಂದೆ ಹೇಳುವುದು ಸುಲಭವಲ್ಲ. ಅಭ್ಯಾಸ ಮುಗಿಸಿ ಮಾಸ್ಕ್ ತೆಗೆಯುತ್ತಲೇ ‘ಸರ್, ನಾನು ಸೇಬರ್‌ಗೆ ಹೋಗಲಾ?’ ಎಂದರೆ, ಅವತ್ತಿನ ಸೋಲಿನ ಬೇಸರದಲ್ಲಿ ಕೇಳುತ್ತಿದ್ದಾಳೆ ಎಂದೇ ಅವರು ತಿಳಿಯುತ್ತಾರೆ. ‘ಮೊದಲು ನಿನ್ನ ಪಾಯಿಂಟ್ ಸರಿಮಾಡಿಕೋ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಇಂಥ ವಿಷಯಕ್ಕೆ ಪತ್ರವೇ ಒಳ್ಳೆಯ ದಾರಿ. ಕೋಚ್ ಅದನ್ನು ಬಿಡುವಿನಲ್ಲಿ ಓದುತ್ತಾರೆ, ನಿಮ್ಮ ಆಟವನ್ನು ಮನಸ್ಸಿಗೆ ತಂದುಕೊಂಡು ಹೌದೋ ಅಲ್ಲವೋ ಎಂದು ತೂಗುತ್ತಾರೆ. ಬರೆಯಲು ಕೂತ ನಿಮಗೂ ‘ಇಷ್ಟ’ ಎಂಬುದರ ಹಿಂದಿನ ಕಾರಣ ಏನೆಂದು ಹುಡುಕಬೇಕಾಗುತ್ತದೆ. ಅಂಥ ಪತ್ರಕ್ಕೆ ಮುಂಚೆ ಏನು ನೋಡಿಕೊಳ್ಳಬೇಕು, ಪತ್ರದಲ್ಲಿ ಏನಿರಬೇಕು, ಏನು ಇರಬಾರದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಒಬ್ಬ ವಿದ್ಯಾರ್ಥಿನಿ ಬರೆಯಬಹುದಾದ ಪೂರ್ತಿ ಪತ್ರದ ಮಾದರಿಯೂ ಇದೆ.

ಎರಡು ಆಟಗಳು ಎಲ್ಲಿ ಬೇರೆಯಾಗುತ್ತವೆ?

ಮಹಿಳೆಯರ ಫಾಯಿಲ್ 1924ರಿಂದಲೇ ಒಲಿಂಪಿಕ್ಸ್‌ನಲ್ಲಿದೆ. ಮಹಿಳೆಯರ ಸೇಬರ್ ಬಂದದ್ದು 2004ರ ಅಥೆನ್ಸ್‌ನಲ್ಲಿ. ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಫೆನ್ಸರ್, ಚೆನ್ನೈನ ಭವಾನಿ ದೇವಿ, ಸೇಬರ್ ಆಟಗಾರ್ತಿ. 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಅವರು ಮೊದಲ ಪಂದ್ಯವನ್ನು 15–3ರಿಂದ ಗೆದ್ದು, ಎರಡನೆಯದರಲ್ಲಿ ಫ್ರಾನ್ಸ್‌ನ ಮನೋನ್ ಬ್ರೂನೆ ಎದುರು 7–15ರಿಂದ ಸೋತರು. ಹಿನ್ನೆಲೆ ಇಷ್ಟು ಸಾಕು. ಪತ್ರಕ್ಕೆ ಬೇಕಾಗಿರುವುದು ಪಿಸ್ತ್ ಮೇಲಿನ ವ್ಯತ್ಯಾಸ.

ಫಾಯಿಲ್‌ನಲ್ಲಿ ಕತ್ತಿಯ ತುದಿಯಿಂದ ಮಾತ್ರ ಚುಚ್ಚಬೇಕು, ಅದೂ ಎದುರಾಳಿಯ ಮುಂಡಕ್ಕೆ. ತುದಿಯ ಸ್ಪ್ರಿಂಗ್ 500 ಗ್ರಾಂ ಭಾರ ತಡೆಯುವಷ್ಟು ಬಿಗಿಯಾಗಿರುತ್ತದೆ. ಅದನ್ನು ಮೀರಿ ಒತ್ತಿದರಷ್ಟೇ ದೀಪ ಹತ್ತುತ್ತದೆ. ತೋಳಿಗೋ ಮಾಸ್ಕ್‌ನ ಜಾಲರಿಗೋ ತೊಡೆಗೋ ತಗುಲಿದರೆ ಬಿಳಿ ದೀಪ ಹತ್ತಿ ಆಟ ನಿಲ್ಲುತ್ತದೆ, ಅಂಕ ಸಿಗುವುದಿಲ್ಲ. ಸೇಬರ್‌ನಲ್ಲಿ ಸೊಂಟದಿಂದ ಮೇಲೆ ತಲೆ ಮತ್ತು ತೋಳು ಸೇರಿ ಎಲ್ಲವೂ ಗುರಿ, ಹಸ್ತ ಮಾತ್ರ ಬಿಟ್ಟು. ಅಲಗಿನಿಂದ ಹೊಡೆದರೂ ಅಂಕ, ತುದಿಯಿಂದ ಚುಚ್ಚಿದರೂ ಅಂಕ. ಬಿಳಿ ದೀಪ ಎಂಬುದೇ ಇಲ್ಲ. ಕಾಲಿಗೆ ತಗುಲಿದ ಹೊಡೆತ ಆಟವನ್ನು ನಿಲ್ಲಿಸುವುದೂ ಇಲ್ಲ.

ಎರಡರಲ್ಲೂ ಪ್ರಯಾರಿಟಿ ನಿಯಮವಿದೆ. ಇಬ್ಬರ ದೀಪವೂ ಹತ್ತಿದಾಗ, ದಾಳಿ ಯಾರದ್ದೆಂದು ರೆಫರಿ ನಿರ್ಧರಿಸಿ ಅವರಿಗೇ ಅಂಕ ಕೊಡುತ್ತಾರೆ. ಫಾಯಿಲ್ ಕಲಿತವರಿಗೆ ಈ ಲೆಕ್ಕ ಆಗಲೇ ಗೊತ್ತಿರುವುದರಿಂದ ಸೇಬರ್‌ನಲ್ಲಿ ರೆಫರಿ ಏನು ಹೇಳುತ್ತಿದ್ದಾರೆ ಎಂಬುದು ಬೇಗ ಹಿಡಿತಕ್ಕೆ ಬರುತ್ತದೆ. ಬದಲಾಗುವುದು ವೇಗ. ಫಾಯಿಲ್‌ನಲ್ಲಿ ಒಬ್ಬರ ಟಚ್ ದಾಖಲಾದ ಮೇಲೂ ಎದುರಾಳಿಯ ದೀಪ ಹತ್ತಲು 300 ಮಿಲಿಸೆಕೆಂಡ್ ಅವಕಾಶವಿರುತ್ತದೆ. ಸೇಬರ್‌ನಲ್ಲಿ ಅದು 170 ಮಾತ್ರ. ಆನ್ ಗಾರ್ಡ್ ಗೆರೆಗಳ ನಡುವೆ ಇರುವುದು ನಾಲ್ಕು ಮೀಟರ್. ಬಹಳಷ್ಟು ಸೇಬರ್ ಅಂಕಗಳು ರೆಫರಿ ‘ಅಲೇ’ ಎಂದ ಕೂಡಲೇ ಆ ನಾಲ್ಕು ಮೀಟರ್ ಒಳಗೇ ತೀರ್ಮಾನವಾಗುತ್ತವೆ. ಫಾಯಿಲ್‌ನಲ್ಲಿ ಕಾದು, ಕೆಣಕಿ, ಎದುರಾಳಿಯ ಕತ್ತಿಯನ್ನು ಬೆರಳ ತುದಿಯಲ್ಲಿ ಓದುವುದಕ್ಕೆ ಸಮಯವಿದೆ. ಸೇಬರ್‌ನಲ್ಲಿ ಓದಬೇಕಾದದ್ದು ಎದುರಾಳಿಯ ಪಾದವನ್ನು, ಅದೂ ನೀವು ಹೆಜ್ಜೆ ಹಾಕುತ್ತಿರುವಾಗಲೇ.

ಹಾಗಾಗಿ ಕೋಚ್ ನಿಮ್ಮ ಪತ್ರದಲ್ಲಿ ಹುಡುಕುವುದು ಒಂದೇ ಪ್ರಶ್ನೆಗೆ ಉತ್ತರ: ಈ ಹುಡುಗಿ ಫಾಯಿಲ್‌ನ ಕಷ್ಟದಿಂದ ತಪ್ಪಿಸಿಕೊಳ್ಳುತ್ತಿದ್ದಾಳೋ, ಅಥವಾ ಇವಳ ಆಟವೇ ಸೇಬರ್‌ನ ಕಡೆಗಿದೆಯೋ?

ಬರೆಯುವ ಮುನ್ನ ಮೂರು ಪರೀಕ್ಷೆ

1. ಬೌಟ್ ಪುಸ್ತಕ ಇಡಿ. ಪಡೆದ ಮತ್ತು ಬಿಟ್ಟುಕೊಟ್ಟ ಪ್ರತಿ ಟಚ್ ಹೇಗೆ ಬಂತು ಎಂದು ಬೌಟ್ ಮುಗಿದ ಕೂಡಲೇ ಒಂದು ಸಾಲು ಬರೆಯಿರಿ. ‘ಅಲೇ ಆದ ತಕ್ಷಣ ಹೆಜ್ಜೆ, ಲಂಜ್’, ‘ಪ್ಯಾರಿ, ರಿಪೋಸ್ಟ್’, ‘ಅವಳ ದಾಳಿ ಎಟುಕದಂತೆ ಹಿಂದೆ ಸರಿದು ತಿರುಗಿ ದಾಳಿ’, ‘ಹತ್ತಿರ ಬಂದು ಒದ್ದಾಟದಲ್ಲಿ’ ಎಂಬಷ್ಟು ವಿಂಗಡಣೆ ಸಾಕು. ಗೆದ್ದಿರೋ ಸೋತಿರೋ ಎಂಬುದು ಇಲ್ಲಿ ಮುಖ್ಯವಲ್ಲ. ಎರಡು ತಿಂಗಳು ಬರೆದರೆ ನಿಮ್ಮ ಆಟದ ಒಲವು ಕಾಗದದ ಮೇಲೆ ಕಾಣುತ್ತದೆ. ಮೊದಲ ಓಟದಲ್ಲೇ ಬರುವ ಟಚ್‌ಗಳು ಮತ್ತು ದೂರವನ್ನು ಅಳೆದು ಪಡೆದ ಟಚ್‌ಗಳು ಹೆಚ್ಚಿದ್ದರೆ ಅದು ಸೇಬರ್‌ನ ಕಡೆಯ ಸೂಚನೆ. ಎದುರಾಳಿಯ ಕತ್ತಿಯನ್ನು ಹಿಡಿದು ಪಡೆದ ಟಚ್‌ಗಳೇ ಹೆಚ್ಚಿದ್ದರೆ ನಿಮಗಿರುವುದು ಫಾಯಿಲ್‌ನ ಕೈ. ಬಿಡುವ ಮುಂಚೆ ಇನ್ನೊಮ್ಮೆ ಯೋಚಿಸಿ.

2. ಬಿಳಿ ದೀಪದ ಮೂಲ ಹುಡುಕಿ. ಸೇಬರ್‌ಗೆ ಹೋಗುತ್ತೇನೆ ಎನ್ನುವ ಬಹುತೇಕರು ಮೊದಲು ಕೊಡುವ ಕಾರಣ ‘ನನಗೆ ಬಿಳಿ ದೀಪವೇ ಜಾಸ್ತಿ ಬರುತ್ತೆ’ ಎಂಬುದು. ಇಷ್ಟರಿಂದಲೇ ಯಾವ ಕೋಚ್ ಕೂಡ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಗೋಡೆಯ ಟಾರ್ಗೆಟ್ ಮುಂದೆ ನಿಂತು ನಿಧಾನವಾಗಿ ಹತ್ತು ಲಂಜ್ ಮಾಡಿ. ಅಲ್ಲೂ ತುದಿ ಅತ್ತಿತ್ತ ಬಿದ್ದರೆ ತೊಂದರೆ ಕೈಯಲ್ಲಿದೆ. ಮುಷ್ಟಿ ಬಿಗಿಯಾಗಿದೆ, ಇಲ್ಲವೇ ತೋಳು ಚಾಚುವ ಮುಂಚೆಯೇ ಭುಜ ಎದ್ದಿದೆ. ಆ ಕೈಯನ್ನೇ ಸೇಬರ್‌ಗೆ ಒಯ್ದರೆ ಅಲ್ಲಿಯೂ ಸೋಲುತ್ತೀರಿ, ಏಕೆಂದರೆ ಎದ್ದ ಭುಜ ಮತ್ತು ಬಿಗಿದ ಮುಷ್ಟಿ ಸೇಬರ್‌ನಲ್ಲಿ ಮುಂದೋಳನ್ನು ಎದುರಾಳಿಗೆ ಒಪ್ಪಿಸಿಬಿಡುತ್ತವೆ. ಗೋಡೆಯ ಮುಂದೆ ಸರಿಯಾಗಿ ಬಿದ್ದು, ಓಡುತ್ತ ದಾಳಿ ಮಾಡುವಾಗ ಮಾತ್ರ ತಪ್ಪುತ್ತಿದ್ದರೆ ಕಾರಣ ಬೇರೆ. ನಿಮ್ಮ ಕಾಲಿನ ವೇಗಕ್ಕೆ ತುದಿಯ ಆಟ ಹೊಂದುತ್ತಿಲ್ಲ ಎಂದಾಯಿತು. ಈ ಎರಡನೆಯದನ್ನು ಪತ್ರದಲ್ಲಿ ಬರೆಯಬಹುದು.

3. ಸೇಬರ್ ಹಿಡಿದು ನೋಡಿ. ಕೋಚ್‌ಗೆ ಗೊತ್ತಿಲ್ಲದಂತೆ ಬೇರೆಡೆ ಹೋಗಿ ಅಲ್ಲ. ಕ್ಲಬ್‌ನಲ್ಲಿ ಸೇಬರ್ ಆಡುವವರಿದ್ದರೆ ಅವರ ಫುಟ್‌ವರ್ಕ್ ಅಭ್ಯಾಸಕ್ಕೆ ಜೊತೆಯಾಗಲು ಅನುಮತಿ ಕೇಳಿ. ಒಂದು ಸಂಗತಿಯನ್ನು ಗಮನಿಸಿ: ಮಾಸ್ಕ್ ಮೇಲೆ ಹೊಡೆತ ಬೀಳುವಾಗ ನೀವು ಕಣ್ಣು ಮುಚ್ಚುತ್ತೀರಾ, ತಲೆ ತಿರುಗಿಸುತ್ತೀರಾ? ಮೊದಲ ದಿನ ಎಲ್ಲರೂ ಬೆಚ್ಚುತ್ತಾರೆ. ಕೆಲವು ವಾರಗಳಾದರೂ ಅದು ಹೋಗದಿದ್ದರೆ ಸೇಬರ್ ಖುಷಿ ಕೊಡುವುದಿಲ್ಲ.

ಪತ್ರದ ಮಾದರಿ

ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ನಾಲ್ಕು ವರ್ಷ ಫಾಯಿಲ್ ಕಲಿತ, ಹದಿನಾರರ ಒಬ್ಬ ವಿದ್ಯಾರ್ಥಿನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪತ್ರ ಇದು. ಅಂಕಿಗಳು ಮಾದರಿಗಾಗಿ ಇಟ್ಟವು. ನಿಮ್ಮ ಪತ್ರದಲ್ಲಿ ನಿಮ್ಮ ಬೌಟ್ ಪುಸ್ತಕದ ಅಂಕಿಗಳೇ ಇರಬೇಕು.

*ನಮಸ್ಕಾರ ಸರ್,*

*ನಾನು ಫಾಯಿಲ್‌ನಿಂದ ಸೇಬರ್‌ಗೆ ಬದಲಾಗಲು ನಿಮ್ಮ ಅನುಮತಿ ಕೇಳುತ್ತಿದ್ದೇನೆ. ಎದುರಿಗೆ ಹೇಳಲು ಹೋದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ ಅನ್ನಿಸಿ ಬರೆದಿದ್ದೇನೆ. ಈ ಸಲದ ರಾಜ್ಯಮಟ್ಟದ ಸ್ಪರ್ಧೆಗೆ ಫಾಯಿಲ್‌ನಲ್ಲೇ ಹೆಸರು ಕೊಟ್ಟಿದ್ದೀರಿ. ಅದನ್ನು ಫಾಯಿಲ್‌ನಲ್ಲೇ ಆಡುತ್ತೇನೆ. ನಾನು ಕೇಳುತ್ತಿರುವುದು ಅದು ಮುಗಿದ ಮೇಲಿನ ಮಾತು.*

*ಎರಡು ತಿಂಗಳಿಂದ ಅಭ್ಯಾಸದ ಬೌಟ್‌ಗಳನ್ನು ಬರೆದಿಟ್ಟಿದ್ದೇನೆ, ಪುಸ್ತಕವನ್ನು ಜೊತೆಗೆ ಇಟ್ಟಿದ್ದೇನೆ. ನಾನು ಪಡೆದ 60 ಟಚ್‌ಗಳಲ್ಲಿ 38 ನೀವು ‘ಅಲೇ’ ಎಂದ ಮೇಲಿನ ಮೊದಲ ದಾಳಿಯಲ್ಲಿ ಬಂದಿವೆ, ಇಲ್ಲವೇ ಎದುರಾಳಿಯ ಲಂಜ್ ಎಟುಕದಂತೆ ಹಿಂದೆ ಸರಿದು ನಾನು ತಿರುಗಿ ಹೋದಾಗ ಬಂದಿವೆ. ಕತ್ತಿ ಹಿಡಿದು, ಪ್ಯಾರಿ ಮಾಡಿ, ರಿಪೋಸ್ಟ್‌ನಲ್ಲಿ ಪಡೆದದ್ದು ಬಹಳ ಕಡಿಮೆ. ಬಿಟ್ಟುಕೊಟ್ಟ 54ರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ರೀತಿಯವು. ನಾನು ದಾಳಿ ಮಾಡುತ್ತ ಉದ್ದಕ್ಕೆ ಹೋಗುತ್ತೇನೆ, ಎದುರಾಳಿ ಕೊನೆಯಲ್ಲಿ ಬಗ್ಗಿ ಒಳಗೆ ನುಗ್ಗುತ್ತಾಳೆ, ನನ್ನ ತುದಿ ಅವಳ ಭುಜ ದಾಟಿ ಹೋಗುತ್ತದೆ, ಅವಳದು ನನಗೆ ತಗುಲುತ್ತದೆ.*

*ನಿಮ್ಮ ಮೊದಲ ಮಾತು ಪಾಯಿಂಟ್ ಬಗ್ಗೆಯೇ ಇರುತ್ತದೆಂದು ಗೊತ್ತು ಸರ್. ಗೋಡೆಯ ಟಾರ್ಗೆಟ್‌ನಲ್ಲಿ ನನಗೆ ಹತ್ತಕ್ಕೆ ಎಂಟು ಬೀಳುತ್ತವೆ. ಪಾಠದಲ್ಲಿ ನೀವು ನಿಂತಲ್ಲೇ ನಿಂತು ತೆಗೆದುಕೊಳ್ಳುವಾಗಲೂ ಬೀಳುತ್ತವೆ. ತಪ್ಪುವುದು ಇಬ್ಬರೂ ಓಡುತ್ತಿರುವಾಗ. ವೇಗ ಕಡಿಮೆ ಮಾಡಿ ಕಾಯಲು ನೀವು ಹೇಳಿದ್ದಿರಿ. ಕಾದ ಬೌಟ್‌ಗಳಲ್ಲಿ ಬಿಳಿ ದೀಪ ಕಡಿಮೆಯಾಯಿತು, ಆದರೆ ನನ್ನ ಟಚ್‌ಗಳೂ ಕಡಿಮೆಯಾದವು. ಅದೂ ಪುಸ್ತಕದಲ್ಲಿದೆ.*

*ಸೇಬರ್‌ನ ಅಭ್ಯಾಸವನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ, ನಿಮ್ಮನ್ನು ಕೇಳಿಯೇ ಅವರ ಫುಟ್‌ವರ್ಕ್‌ಗೆ ಸೇರಿಕೊಂಡಿದ್ದೇನೆ. ಅಲ್ಲಿ ಎದುರಾಳಿಯ ದಾಳಿ ಎಟುಕದಂತೆ ಮಾಡಿ ಆಮೇಲೆ ನಮ್ಮ ದಾಳಿ ಶುರುಮಾಡುವುದನ್ನು ದಿನವೂ ಕಲಿಸುತ್ತಾರೆ. ನನಗೆ ಕಲಿಸದೆ ಬಂದಿರುವುದು ಅದೊಂದೇ. ನನ್ನ ಒಳ್ಳೆಯ ಟಚ್‌ಗಳೆಲ್ಲ ಬರುವ ಜಾಗವೇ ಸೇಬರ್‌ನಲ್ಲಿ ಇಡೀ ಆಟ ಎಂದು ನನಗೆ ಅನ್ನಿಸಿದೆ.*

*ಅಲ್ಲಿ ನನಗೆ ಕಷ್ಟವಾಗುವುದೂ ಗೊತ್ತು. ನಾನು ಫ್ಲೆಶ್ ಹೊಡೆಯುತ್ತೇನೆ. ಸೇಬರ್‌ನಲ್ಲಿ ಹಿಂದಿನ ಕಾಲು ಮುಂದಿನ ಕಾಲನ್ನು ದಾಟುವಂತಿಲ್ಲ. ನನ್ನ ಗಾರ್ಡ್‌ನಲ್ಲಿ ಮೊಣಕೈ ಹೊರಗಿರುತ್ತದೆ, ಅಲ್ಲಿ ಮುಂದೋಳಿಗೇ ಹೊಡೆಸಿಕೊಳ್ಳುತ್ತೇನೆ. ಇವೆರಡನ್ನೂ ಮೊದಲಿನಿಂದ ಕಲಿಯಬೇಕು.*

*ನನ್ನ ಕೋರಿಕೆ ಇಷ್ಟು. ರಾಜ್ಯಮಟ್ಟದ ಸ್ಪರ್ಧೆ ಮುಗಿದ ಮೇಲೆ ಎಂಟು ವಾರ, ವಾರಕ್ಕೆ ಎರಡು ದಿನ ಸೇಬರ್, ಒಂದು ದಿನ ಫಾಯಿಲ್. ಎಂಟು ವಾರದ ಕೊನೆಗೆ ಮೂರು ವಿಷಯ ನೋಡಿ ನೀವೇ ತೀರ್ಮಾನಿಸಿ: ಕಾಲು ದಾಟಿಸುವುದು ನಿಂತಿದೆಯೇ, ಮುಂದೋಳಿಗೆ ಬೀಳುವ ಹೊಡೆತ ಮೊದಲ ವಾರಕ್ಕಿಂತ ಕಡಿಮೆಯಾಗಿದೆಯೇ, ಎರಡು ದೀಪ ಹತ್ತಿದಾಗ ನೀವು ದಾಳಿ ನನ್ನದೆಂದು ಕೊಡುತ್ತಿದ್ದೀರಾ. ಬೇಡ ಎಂದು ನಿಮಗೆ ಅನ್ನಿಸಿದರೆ ಫಾಯಿಲ್‌ಗೆ ಮರಳುತ್ತೇನೆ.*

*ಮನೆಯಲ್ಲಿ ಮಾತಾಡಿದ್ದೇನೆ. ಎಂಟು ವಾರಕ್ಕೆ ಕ್ಲಬ್‌ನ ಸೇಬರ್, ಲಾಮೆ, ಮಾಸ್ಕ್ ಸಿಗುವುದಾದರೆ ಈಗಲೇ ಏನನ್ನೂ ಕೊಳ್ಳುವುದು ಬೇಡ ಎಂದು ಅಪ್ಪ ಹೇಳಿದ್ದಾರೆ.*

*ಕತ್ತಿ ಹಿಡಿಯುವುದನ್ನು ನನಗೆ ಕಲಿಸಿದವರು ನೀವು. ದಾಳಿ ಯಾರದ್ದೆಂದು ಓದಲು ಕಲಿತದ್ದೂ ನಿಮ್ಮಿಂದಲೇ. ಸೇಬರ್‌ಗೆ ಹೋದರೂ ನಾನು ನಂಬಿಕೊಂಡಿರುವುದು ಅದನ್ನೇ. ನಿಮಗೆ ಬಿಡುವಿರುವ ದಿನ ಹೇಳಿದರೆ ಬಂದು ಮಾತಾಡುತ್ತೇನೆ.*

*ಇಂತಿ ನಿಮ್ಮ ವಿದ್ಯಾರ್ಥಿನಿ*

ಈ ಪತ್ರ ಏಕೆ ಕೆಲಸ ಮಾಡುತ್ತದೆ?

ಮೊದಲ ಪ್ಯಾರಾದಲ್ಲೇ ಏನು ಬೇಕು, ಯಾವಾಗ ಬೇಕು ಎಂಬ ಎರಡೂ ಬಂದಿವೆ. ಕೋಚ್‌ಗೆ ಇರುವ ದೊಡ್ಡ ಆತಂಕ ಸ್ಪರ್ಧೆಯ ಎಂಟ್ರಿ. ತಂಡಕ್ಕೆ ಹೆಸರು ಕೊಟ್ಟ ಮೇಲೆ ಒಬ್ಬಳು ಬಿಟ್ಟರೆ ಉಳಿದವರಿಗೂ ತೊಂದರೆ. ‘ಅದನ್ನು ಫಾಯಿಲ್‌ನಲ್ಲೇ ಆಡುತ್ತೇನೆ’ ಎಂಬ ಒಂದು ವಾಕ್ಯ ಓದಿದ ಮೇಲೆ ಅವರು ಉಳಿದದ್ದನ್ನು ನೆಮ್ಮದಿಯಿಂದ ಓದುತ್ತಾರೆ.

ಎರಡನೆಯದಾಗಿ, ಅಂಕಿಗಳು ಕಡಿಮೆ ಇವೆ, ಆದರೆ ಅವುಗಳ ಹಿಂದೆ ಒಂದು ಚಿತ್ರವಿದೆ. ಎದುರಾಳಿ ಬಗ್ಗಿ ಒಳಗೆ ನುಗ್ಗುವುದು, ತುದಿ ಭುಜ ದಾಟುವುದು. ಇದನ್ನು ಕೋಚ್ ಎಷ್ಟೋ ಸಲ ಕಣ್ಣಾರೆ ಕಂಡಿರುತ್ತಾರೆ. ಸೇಬರ್‌ನಲ್ಲಿ ಇದೇ ಸನ್ನಿವೇಶ ಏಕೆ ಬೇರೆಯಾಗುತ್ತದೆ ಎಂದು ಅವರಿಗೆ ವಿವರಿಸಬೇಕಿಲ್ಲ. ನಿಮಗೆ ತಿಳಿದಿರಲಿ ಎಂದು ಹೇಳುತ್ತೇನೆ: ಫಾಯಿಲ್‌ನಲ್ಲಿ ಬಗ್ಗಿದವಳ ತಲೆಯೋ ತೋಳೋ ನಿಮ್ಮ ತುದಿಗೆ ಅಡ್ಡ ಬಂದರೆ ಬಿಳಿ ದೀಪ, ಅಂಕವಿಲ್ಲ. ಸೇಬರ್‌ನಲ್ಲಿ ಬಗ್ಗಿದ ತಲೆಯೇ ಗುರಿ, ಅಲಗು ಅದರ ಮೇಲೆ ಬಿದ್ದರೆ ಸಾಕು. ಇಬ್ಬರ ದೀಪವೂ ಹತ್ತಿದರೆ ದಾಳಿ ನಿಮ್ಮದಾದ್ದರಿಂದ ಅಂಕವೂ ನಿಮ್ಮದೇ. ಆದರೆ ಒಂದು ಅಪಾಯವಿದೆ. ಅವಳ ಹೊಡೆತ ಮೊದಲು ಬಿದ್ದು ನಿಮ್ಮದು 170 ಮಿಲಿಸೆಕೆಂಡ್ ಮೀರಿ ತಡವಾದರೆ ಅವಳ ದೀಪ ಮಾತ್ರ ಹತ್ತುತ್ತದೆ. ಆಗ ಪ್ರಯಾರಿಟಿಯ ಪ್ರಶ್ನೆಯೇ ಬರುವುದಿಲ್ಲ. ಕೈ ಹಿಂದಿಟ್ಟುಕೊಂಡು ಉದ್ದಕ್ಕೂ ಓಡುವ ಅಭ್ಯಾಸವಿದ್ದವರು ಸೇಬರ್‌ನಲ್ಲಿ ಮೊದಲು ಪೆಟ್ಟು ತಿನ್ನುವುದು ಇಲ್ಲೇ.

ಮೂರನೆಯದು, ತನ್ನ ಕೊರತೆಯನ್ನು ತಾನೇ ಹೆಸರಿಸಿರುವುದು. ಫ್ಲೆಶ್ ಮತ್ತು ಮೊಣಕೈ ಎಂಬ ಎರಡೇ ಮಾತು, ಆದರೆ ಆಕೆ ಸೇಬರ್ ಅನ್ನು ಹತ್ತಿರದಿಂದ ನೋಡಿದ್ದಾಳೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಇಡೀ ಪತ್ರದ ತಿರುಳು ಆ ಎಂಟು ವಾರದ ಕೋರಿಕೆ. ಗೆಲುವನ್ನು ಆಕೆ ಅಳತೆಗೋಲಾಗಿ ಇಟ್ಟಿಲ್ಲ, ಅದು ಸರಿ. ಹೊಸ ಆಯುಧದಲ್ಲಿ ಎಂಟು ವಾರಕ್ಕೆ ಗೆಲುವು ಏನನ್ನೂ ಹೇಳುವುದಿಲ್ಲ. ಫಾಯಿಲ್‌ನಿಂದ ಬಂದ ಚುರುಕು ಹುಡುಗಿ ಮೊದಮೊದಲು ಸೇಬರ್‌ನ ಹೊಸಬರನ್ನು ಸಲೀಸಾಗಿ ಸೋಲಿಸಿ, ಆಮೇಲೆ ತಿಂಗಳುಗಟ್ಟಲೆ ಅಲ್ಲೇ ನಿಂತುಬಿಡುವುದುಂಟು. ಕಾಲು ದಾಟುವುದು, ಮುಂದೋಳು, ರೆಫರಿಯ ತೀರ್ಪು, ಈ ಮೂರರಲ್ಲಿ ಬದಲಾವಣೆ ಕಂಡರೆ ದೇಹ ನಿಜವಾಗಿ ಹೊಸ ಆಟ ಕಲಿಯುತ್ತಿದೆ ಎಂದರ್ಥ.

ಅನುಮತಿ ಸಿಕ್ಕರೆ: ಮೊದಲ ವಾರಗಳ ಎಚ್ಚರಿಕೆ

ಗಾರ್ಡ್‌ನಿಂದ ಶುರುಮಾಡಿ. ಫಾಯಿಲ್‌ನ ಸಿಕ್ಸ್ತ್ ಗಾರ್ಡ್‌ನಲ್ಲಿ ಅಂಗೈ ಅರ್ಧ ಮೇಲಕ್ಕೆ ತಿರುಗಿರುತ್ತದೆ, ತುದಿ ಎದುರಾಳಿಯ ಕಡೆಗಿರುತ್ತದೆ. ತೋಳು ಗುರಿಯಲ್ಲದ್ದರಿಂದ ಅದನ್ನು ಕಾಯುವ ಚಿಂತೆ ಇರುವುದಿಲ್ಲ. ಸೇಬರ್‌ನ ಟಿಯರ್ಸ್ ಗಾರ್ಡ್‌ನಲ್ಲಿ ಬೆರಳ ಗೆಣ್ಣುಗಳು ಹೊರಮುಖವಾಗಿರಬೇಕು, ಕೈ ಸೊಂಟಕ್ಕಿಂತ ತುಸು ಮೇಲಿರಬೇಕು, ಅಲಗು ಮೇಲ್ಮುಖವಾಗಿ ಸ್ವಲ್ಪ ಮುಂದಕ್ಕೆ ವಾಲಿರಬೇಕು. ಮೊಣಕೈ ಪಕ್ಕೆಯಿಂದ ಒಂದು ಮುಷ್ಟಿಯಷ್ಟೇ ದೂರ. ಸರಿಯಾಗಿದೆಯೇ ಎಂದು ತಿಳಿಯಲು ಜೊತೆಗಾರರನ್ನು ಎದುರಿಗೆ ನಿಲ್ಲಿಸಿ. ಕತ್ತಿಯ ಬಟ್ಟಲಿನ ಹಿಂದೆ ನಿಮ್ಮ ಮುಂದೋಳು ಅವರಿಗೆ ಎಷ್ಟು ಕಾಣುತ್ತದೆ ಎಂದು ಕೇಳಿ. ಕಂಡಷ್ಟೂ ಹೊಡೆತ ಬೀಳುವ ಜಾಗ.

ಹಿಡಿತವೂ ಬದಲಾಗುತ್ತದೆ. ಫಾಯಿಲ್‌ನಲ್ಲಿ ಪಿಸ್ತೂಲ್ ಗ್ರಿಪ್ ಹಿಡಿದು ಅಭ್ಯಾಸವಾದವರಿಗೆ ಸೇಬರ್‌ನ ನೇರ ಹಿಡಿ ಮೊದಲು ಜಾರುವಂತೆ ಅನ್ನಿಸುತ್ತದೆ, ಅದಕ್ಕೆ ಗಟ್ಟಿಯಾಗಿ ಹಿಡಿಯುತ್ತಾರೆ. ಗಟ್ಟಿಯಾಗಿ ಹಿಡಿದರೆ ಹೊಡೆತ ಭುಜದಿಂದ ಬರುತ್ತದೆ, ಎದುರಾಳಿಗೆ ನೋವಾಗುತ್ತದೆ, ನಿಮಗೆ ತಡವಾಗುತ್ತದೆ. ಹೆಬ್ಬೆರಳು ಹಿಡಿಯ ಬೆನ್ನ ಮೇಲೆ, ತೋರುಬೆರಳು ಅದಕ್ಕೆ ಎದುರಾಗಿ ಇರಲಿ. ಉಳಿದ ಮೂರು ಬೆರಳು ಹೊಡೆತದ ಕೊನೆಗೆ ಮಾತ್ರ ಮುಚ್ಚಿದರೆ ಸಾಕು. ಲಾಮೆಗೆ ಅಲಗು ತಗುಲಿದರೆ ದೀಪ ಹತ್ತುತ್ತದೆ, ಬಲ ಬೇಕಿಲ್ಲ. ಜೊತೆಗಾರರು ‘ನೋವಾಯ್ತು’ ಎನ್ನುತ್ತಿದ್ದರೆ ನಿಮ್ಮ ಕೈ ಇನ್ನೂ ಕಲಿತಿಲ್ಲ.

ಫ್ಲೆಶ್ ಬಿಡುವುದು ಎಲ್ಲಕ್ಕಿಂತ ಕಷ್ಟ. ಸೇಬರ್‌ನಲ್ಲಿ ಮುಂದಕ್ಕೆ ಹೋಗುವಾಗ ಹಿಂದಿನ ಕಾಲು ಮುಂದಿನ ಕಾಲನ್ನು ಪೂರ್ತಿ ದಾಟಿದರೆ ಹಳದಿ ಕಾರ್ಡ್, ಹೊಡೆದ ಟಚ್ ಕೂಡ ರದ್ದು. ಹಿಂದಕ್ಕೆ ಓಡುವಾಗ ದಾಟಿಸಬಹುದು. ಒತ್ತಡದಲ್ಲಿ ಹಳೆಯ ಕಾಲು ತಾನಾಗಿ ದಾಟುತ್ತದೆ. ಮೊದಲ ವಾರಗಳಲ್ಲಿ ಅಡ್ವಾನ್ಸ್ ಮತ್ತು ಲಂಜ್ ಬಿಟ್ಟು ಬೇರೆ ಯಾವ ದಾಳಿಯನ್ನೂ ಮಾಡದಿರುವುದು ಒಳ್ಳೆಯದು. ಲಂಜ್‌ನಲ್ಲೂ ಒಂದು ಎಚ್ಚರ ಬೇಕು: ಹೊಡೆತ ಹೆಚ್ಚೆಂದರೆ ಮುಂದಿನ ಪಾದ ನೆಲ ಮುಟ್ಟುವಷ್ಟರಲ್ಲಿ ತಲುಪಬೇಕು. ಪಾದ ಊರಿದ ಮೇಲೆ ಬಂದ ಹೊಡೆತಕ್ಕೆ ದಾಳಿಯ ಹಕ್ಕು ಉಳಿಯುವುದಿಲ್ಲ.

ಕಾಲಿನ ಮೇಲೆ ಹೊರೆ ಹೆಚ್ಚುತ್ತದೆ. ನಾಲ್ಕು ಮೀಟರ್ ಒಳಗೆ ಪೂರ್ತಿ ವೇಗ ಹಿಡಿದು ಅಲ್ಲೇ ತಡೆದು ನಿಲ್ಲುವುದರಿಂದ ಮುಂದಿನ ಮೊಣಕಾಲಿಗೂ ಹಿಂದಿನ ಹಿಮ್ಮಡಿಯ ಸ್ನಾಯುರಜ್ಜುವಿಗೂ ಒತ್ತಡ ಬೀಳುತ್ತದೆ. ಬೆಳಿಗ್ಗೆ ಎದ್ದಾಗ ಹಿಮ್ಮಡಿಯ ಹಿಂಭಾಗ ಬಿಗಿದು ನೋಯುತ್ತಿದ್ದರೆ ಆ ವಾರ ಲಂಜ್ ಕಡಿಮೆ ಮಾಡಿ, ಕೋಚ್‌ಗೆ ಹೇಳಿ. ನೋವು ಉಳಿದರೆ ವೈದ್ಯರನ್ನು ಕಾಣಬೇಕು.

ಸಾಮಾನಿನ ವಿಷಯ ಚಿಕ್ಕದು. ಜಾಕೆಟ್, ಬ್ರೀಚಸ್, ಒಳಗಿನ ಪ್ಲಾಸ್ಟ್ರಾನ್, ಚೆಸ್ಟ್ ಪ್ರೊಟೆಕ್ಟರ್, ಶೂ, ಕಾಲುಚೀಲ ಹಾಗೇ ನಡೆಯುತ್ತವೆ. ಫಾಯಿಲ್‌ನ ಬಾಡಿ ವೈರ್ ಕೂಡ ಸೇಬರ್‌ನ ಸಾಕೆಟ್‌ಗೆ ಹೊಂದಿದರೆ ನಡೆಯುತ್ತದೆ. ಹೊಸದಾಗಿ ಬೇಕಾದವು ಸೇಬರ್, ತೋಳು ಮುಚ್ಚುವ ಲಾಮೆ, ವಿದ್ಯುತ್ ಹರಿಯುವ ಪಟ್ಟಿ ಇರುವ ಗ್ಲೌಸ್, ಸೇಬರ್ ಮಾಸ್ಕ್. ಫಾಯಿಲ್ ಮಾಸ್ಕ್‌ನಲ್ಲಿ ವಿದ್ಯುತ್ ಹರಿಯುವುದು ಕೆಳಗಿನ ಬಿಬ್‌ನಲ್ಲಿ ಮಾತ್ರ. ಸೇಬರ್‌ಗೆ ಇಡೀ ಜಾಲರಿಯಲ್ಲೇ ಹರಿಯಬೇಕು, ಆದ್ದರಿಂದ ಹಳೆಯ ಮಾಸ್ಕ್ ಪ್ರಯೋಜನಕ್ಕೆ ಬರುವುದಿಲ್ಲ. ಪ್ರಯೋಗದ ವಾರಗಳು ಮುಗಿಯುವ ತನಕ ಏನನ್ನೂ ಕೊಳ್ಳಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಫಾಯಿಲ್ ಬೋರಾಗಿದೆ’ ಎಂದು ಬರೆಯುವುದು. ಕೋಚ್ ತಮ್ಮ ಪಾಠವೇ ಬೋರು ಎಂದು ಓದುತ್ತಾರೆ. ಬೇಸರ ನಿಜವೇ ಇದ್ದರೆ ಅದು ಯಾವ ಅಭ್ಯಾಸದಲ್ಲಿ, ಯಾವ ಸನ್ನಿವೇಶದಲ್ಲಿ ಬರುತ್ತದೆ ಎಂದು ಬರೆಯಿರಿ.

‘ಭವಾನಿ ದೇವಿಯವರ ಹಾಗೆ ಆಗಬೇಕು’ ಎಂಬುದನ್ನೇ ಕಾರಣವಾಗಿ ಕೊಡುವುದು. 2023ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಅವರು ಕಂಚು ಗೆದ್ದದ್ದು ಯಾರಿಗೂ ಹುರುಪು ತರುವಂಥದ್ದೇ. ಆದರೆ ಅದು ಅವರ ಆಟದ ಮಾತು. ಕೋಚ್‌ಗೆ ಬೇಕಾಗಿರುವುದು ನಿಮ್ಮ ಆಟದ ಮಾತು.

‘ಸೇಬರ್‌ನಲ್ಲಿ ಸ್ಪರ್ಧಿಗಳು ಕಡಿಮೆ, ಪದಕ ಸುಲಭ’ ಎಂಬ ಲೆಕ್ಕ. ಒಂದು ಜಿಲ್ಲೆಯಲ್ಲಿ, ಒಂದು ವರ್ಷ ಅದು ನಿಜವಿರಬಹುದು. ಮರುವರ್ಷ ಇರಲಿಕ್ಕಿಲ್ಲ. ಆ ಕಾರಣಕ್ಕೆ ಬದಲಾದವರಿಗೆ ಮೊದಲ ಸೋಲಿನಲ್ಲೇ ಹಿಂತಿರುಗುವ ಮನಸ್ಸಾಗುತ್ತದೆ.

ಗೆಳತಿ ಹೋದಳೆಂದು ಹೋಗುವುದು. ಹದಿಹರೆಯದಲ್ಲಿ ಇದು ಸಹಜ. ಬೌಟ್ ಪುಸ್ತಕ ಇದ್ದರೆ ಈ ಕಾರಣ ತಾನಾಗಿ ಬಯಲಾಗುತ್ತದೆ, ಏಕೆಂದರೆ ಅಂಕಿಗಳು ಬೇರೆಯದನ್ನೇ ಹೇಳುತ್ತಿರುತ್ತವೆ.

ತಂದೆ ತಾಯಿಯಿಂದ ಫೋನ್ ಮಾಡಿಸುವುದು. ಪತ್ರಕ್ಕಿಂತ ಮುಂಚೆ ಪೋಷಕರ ಫೋನ್ ಹೋದರೆ ಕೋಚ್‌ಗೆ ಅದು ದೂರಿನಂತೆ ಕೇಳಿಸುತ್ತದೆ. ಖರ್ಚಿನ ವಿಷಯ ಮಾತಾಡಲು ಪೋಷಕರು ಬರಲಿ, ಕೋರಿಕೆ ನಿಮ್ಮದೇ ಆಗಿರಲಿ.

ಕೋಚ್ ಬೇಡ ಎಂದರೆ?

ಮೊದಲು ಯಾವ ‘ಬೇಡ’ ಎಂದು ಕೇಳಿ ತಿಳಿದುಕೊಳ್ಳಿ. ‘ಇನ್ನೂ ಆರು ತಿಂಗಳು ಫಾಯಿಲ್ ಬೇಕು’ ಎಂದರೆ ಅದಕ್ಕೆ ಕಾರಣ ಇರುತ್ತದೆ, ಆ ಆರು ತಿಂಗಳಲ್ಲಿ ಏನು ಸುಧಾರಿಸಬೇಕು ಎಂದು ಕೇಳಿ ಬರೆದುಕೊಳ್ಳಿ. ‘ನನಗೆ ಸೇಬರ್ ಕಲಿಸಲು ಬರುವುದಿಲ್ಲ’ ಎನ್ನುವ ಪ್ರಾಮಾಣಿಕ ಕೋಚ್‌ಗಳೂ ಇದ್ದಾರೆ. ಆಗ ಯಾರ ಬಳಿ ಹೋಗಬಹುದೆಂದು ಅವರನ್ನೇ ಕೇಳಿ. ಫೆನ್ಸಿಂಗ್ ನಮ್ಮಲ್ಲಿ ಇನ್ನೂ ಚಿಕ್ಕ ಬಳಗ, ಕೋಚ್‌ಗಳು ಒಬ್ಬರನ್ನೊಬ್ಬರು ಬಲ್ಲರು. ಅವರ ಮಾತಿನ ಮೇಲೆ ಹೋದರೆ ಹೊಸ ಕ್ಲಬ್‌ನಲ್ಲಿ ಬಾಗಿಲು ಬೇಗ ತೆರೆಯುತ್ತದೆ.

ಪತ್ರವನ್ನು ಸ್ಪರ್ಧೆಯ ಹಿಂದಿನ ವಾರ ಕೊಡಬೇಡಿ, ಸೋತು ಬಂದ ದಿನವೂ ಕೊಡಬೇಡಿ. ಅಭ್ಯಾಸ ಮುಗಿದ ಮೇಲೆ ಬೌಟ್ ಪುಸ್ತಕದ ಜೊತೆ ಕೈಗೇ ಕೊಟ್ಟು, ಉತ್ತರಕ್ಕೆ ಒಂದು ವಾರವಾದರೂ ಬಿಡಿ. ಆ ವಾರವೂ ಫಾಯಿಲ್ ತರಗತಿಯನ್ನು ತಪ್ಪಿಸಬೇಡಿ. ನೀವು ಬರೆದದ್ದು ನಿಜವೇ ಎಂದು ಕೋಚ್ ನೋಡುವುದು ಆ ತರಗತಿಗಳಲ್ಲೇ.